ಹೆಸರಷ್ಟೇ ಬದಲಾಯಿತು, ಮಾರಾಟ ಎಂಟು ಪಟ್ಟಾಯಿತು: ಶೀರ್ಷಿಕೆ ಎಲ್ಲಿ ಆಮಿಷವಾಗುತ್ತದೆ?

ಅಮೆರಿಕದ ಕನ್ಸಾಸ್ ರಾಜ್ಯದಲ್ಲಿ ಜಿರಾರ್ಡ್ ಎಂಬ ಸಣ್ಣ ಊರಿದೆ. 1919ರಲ್ಲಿ ಅಲ್ಲಿಂದ ಜೇಬಿನಲ್ಲಿ ಹಿಡಿಸುವಂಥ ಪುಟ್ಟ ಪುಸ್ತಕಗಳು ಹೊರಬರತೊಡಗಿದವು. ನೀಲಿ ರಟ್ಟು, ಪಿನ್ನು ಹೊಡೆದ ಬೆನ್ನು, ಸಾಮಾನ್ಯವಾಗಿ 64 ಪುಟ. ಕೆಲವೇ ವರ್ಷಗಳಲ್ಲಿ ಒಂದರ ಬೆಲೆ ಐದು ಸೆಂಟಿಗೆ ಇಳಿಯಿತು. ಪ್ರಕಾಶಕನ ಹೆಸರು ಇಮ್ಯಾನ್ಯುಯೆಲ್ ಹಾಲ್ಡೆಮನ್-ಜೂಲಿಯಸ್. 1928ರಲ್ಲಿ ಅವನು ತನ್ನ ವ್ಯಾಪಾರದ ಕಥೆಯನ್ನೇ ಪುಸ್ತಕ ಮಾಡಿ ಅದಕ್ಕೆ 'ಮೊದಲ ಹತ್ತು ಕೋಟಿ' ಎಂಬ ಅರ್ಥದ ಹೆಸರಿಟ್ಟ. ಮಾರಾಟವಾದ ಪ್ರತಿಗಳ ಲೆಕ್ಕ ಅದು.

ಶೀರ್ಷಿಕೆ ಬರೆಯುವವರಿಗೆ ಆ ಪುಸ್ತಕ ಇವತ್ತಿಗೂ ಚಿನ್ನದ ಗಣಿ. ಏಕೆಂದರೆ ಅವನ ಗಿರಾಕಿಗಳಿಗೆ ಪುಸ್ತಕ ಕೊಳ್ಳುವ ಮೊದಲು ಕಾಣುತ್ತಿದ್ದುದು ಹೆಸರೊಂದೇ. ಪತ್ರಿಕೆಗಳಲ್ಲಿ ಅವನು ಇಡೀ ಪುಟದ ಜಾಹೀರಾತು ಕೊಡುತ್ತಿದ್ದ. ಅದರಲ್ಲಿ ಚಿತ್ರವಿಲ್ಲ, ಸಾರಾಂಶವಿಲ್ಲ, ಯಾರ ಮೆಚ್ಚುಗೆಯ ಮಾತೂ ಇಲ್ಲ. ಸಣ್ಣ ಅಕ್ಷರದಲ್ಲಿ ನೂರಾರು ಹೆಸರುಗಳ ಪಟ್ಟಿ ಮಾತ್ರ. ಓದುಗ ತನಗೆ ಬೇಕಾದವನ್ನು ಗುರುತು ಹಾಕಿಕೊಂಡು ಅಂಚೆಯಲ್ಲಿ ಹಣ ಕಳಿಸಬೇಕು. ಒಂದು ಡಾಲರಿಗೆ ಇಪ್ಪತ್ತು ಪುಸ್ತಕ. ಈಗ ನಾವು ಫೋನಿನ ಪರದೆಯನ್ನು ಹೆಬ್ಬೆರಳಿನಿಂದ ತಳ್ಳುತ್ತ ಒಂದಾದ ಮೇಲೊಂದು ಶೀರ್ಷಿಕೆ ನೋಡುವಾಗ ಆಗುವುದೂ ಹೆಚ್ಚುಕಡಿಮೆ ಇದೇ.

ವರ್ಷಕ್ಕೆ ಹತ್ತು ಸಾವಿರ ಪ್ರತಿಯೂ ಹೋಗದ ಪುಸ್ತಕವನ್ನು ಹಾಲ್ಡೆಮನ್-ಜೂಲಿಯಸ್ 'ಆಸ್ಪತ್ರೆ'ಗೆ ಸೇರಿಸುತ್ತಿದ್ದ. ಅವನ ಕಚೇರಿಯಲ್ಲಿ ನಿಜಕ್ಕೂ ಆ ಹೆಸರೇ ಚಾಲ್ತಿಯಲ್ಲಿತ್ತು. ಅಲ್ಲಿ ಕೊಡುತ್ತಿದ್ದ ಮುಖ್ಯ ಚಿಕಿತ್ಸೆಯೆಂದರೆ ಹೆಸರು ಬದಲಾವಣೆ. ಒಳಗಿನ ಒಂದು ಅಕ್ಷರವನ್ನೂ ಮುಟ್ಟದೆ ಹೊಸ ಹೆಸರಿಟ್ಟು ಮತ್ತೆ ಪಟ್ಟಿಗೆ ಹಾಕುವುದು. ಆ ಚಿಕಿತ್ಸೆಯ ಫಲವನ್ನು ಅವನು ಅಂಕಿಗಳ ಸಮೇತ ಬರೆದಿಟ್ಟಿದ್ದಾನೆ. ಅವುಗಳಲ್ಲಿ ನಾಲ್ಕನ್ನು ಬಿಡಿಸಿ ನೋಡಿದರೆ, ಒಳ್ಳೆಯ ಶೀರ್ಷಿಕೆ ಯಾವುದು, ಆಮಿಷ ಯಾವುದು ಎಂಬ ಗೆರೆ ನಾವಂದುಕೊಂಡ ಜಾಗದಲ್ಲಿ ಇಲ್ಲವೆಂಬುದು ಗೊತ್ತಾಗುತ್ತದೆ.

ಮೊದಲನೆಯದು ತೀರಾ ಸರಳ. 'ಕಬ್ಬಿಣದ ಮುಖವಾಡದ ರಹಸ್ಯ' ಎಂಬ ಪುಸ್ತಕ ವರ್ಷಕ್ಕೆ 11,000 ಪ್ರತಿ ಹೋಗುತ್ತಿತ್ತು. ಅದನ್ನು 'ಕಬ್ಬಿಣದ ಮುಖವಾಡ ತೊಟ್ಟ ಮನುಷ್ಯನ ರಹಸ್ಯ' ಎಂದು ಮಾಡಿದ. ಮಾರಾಟ 30,000ಕ್ಕೆ ಏರಿತು. ಸೇರಿದ್ದು ಒಬ್ಬ ಮನುಷ್ಯ, ಅಷ್ಟೆ. ಮುಖವಾಡವೆಂದರೆ ಒಂದು ವಸ್ತು. ಅದನ್ನು ಮುಖಕ್ಕೆ ಬಿಗಿಸಿಕೊಂಡು ವರ್ಷಾನುಗಟ್ಟಲೆ ಸೆರೆಯಲ್ಲಿದ್ದವನ ಬಗ್ಗೆಯಾದರೆ ಯಾರಿಗಾದರೂ ಕೇಳಬೇಕೆನಿಸುತ್ತದೆ: ಯಾರವನು? ಯಾಕೆ ಹಾಗೆ ಮಾಡಿದರು? ಪುಸ್ತಕ ಇದ್ದದ್ದೇ ಆ ಪ್ರಶ್ನೆಗಳ ಬಗ್ಗೆ. 14ನೇ ಲೂಯಿಯ ಕಾಲದಲ್ಲಿ ಫ್ರಾನ್ಸಿನ ಸೆರೆಮನೆಗಳಲ್ಲಿ ಇದ್ದು, 1703ರಲ್ಲಿ ಬಾಸ್ತಿಯ್ ಕೋಟೆಯಲ್ಲಿ ಸತ್ತ ಕೈದಿಯ ಕಥೆ. ಹಳೆಯ ಹೆಸರೂ ಸುಳ್ಳಲ್ಲ. ಆದರೆ ಹೊಸ ಹೆಸರು ಪುಸ್ತಕದ ನಿಜವಾದ ವಿಷಯಕ್ಕೆ ಇನ್ನೂ ಹತ್ತಿರ ಬಂದಿತು. ಶೀರ್ಷಿಕೆಯನ್ನು ನಿಖರ ಮಾಡುವುದೆಂದರೆ ಇದೇ. (ಅಂದಹಾಗೆ ಆ ಕೈದಿ ತೊಟ್ಟಿದ್ದು ಕಪ್ಪು ಮಖಮಲ್ ಬಟ್ಟೆಯ ಮುಸುಕು ಎನ್ನುತ್ತವೆ ಆ ಕಾಲದ ಬರಹಗಳು. ಕಬ್ಬಿಣ ಸೇರಿಕೊಂಡದ್ದು ಆಮೇಲೆ. ಆಮಿಷದ ಶೀರ್ಷಿಕೆ ಫೋನಿನ ಜೊತೆ ಹುಟ್ಟಿದ್ದೇನಲ್ಲ.)

ಎರಡನೆಯದು ಮೊಪಾಸಾ ಬರೆದ ಕಥೆ. 'ಕೊಬ್ಬಿನ ಉಂಡೆ' ಎಂಬರ್ಥದ ಮೂಲ ಹೆಸರಿನಲ್ಲಿ ಅದು 15,000 ಪ್ರತಿ ಹೋಗಿತ್ತು. 'ಒಬ್ಬ ಫ್ರೆಂಚ್ ವೇಶ್ಯೆಯ ತ್ಯಾಗ' ಎಂದು ಹೆಸರು ಬದಲಾದ ಮೇಲೆ 54,700 ಆಯಿತು. ಕೇಳಿದ ಕೂಡಲೇ ಮೂಗು ಮುರಿಯುವಂತಿದೆ. ಆದರೆ ಕಥೆ ಓದಿದವರಿಗೆ ಗೊತ್ತು. ಪ್ರಷ್ಯದ ಸೈನ್ಯ ಫ್ರಾನ್ಸಿಗೆ ನುಗ್ಗಿದ ಹೊತ್ತಿನಲ್ಲಿ ಒಂದು ಕುದುರೆ ಗಾಡಿಯಲ್ಲಿ ಊರು ಬಿಟ್ಟು ಹೊರಟ 'ಮರ್ಯಾದಸ್ಥ'ರ ನಡುವೆ ಒಬ್ಬ ವೇಶ್ಯೆಯೂ ಇರುತ್ತಾಳೆ. ಹಸಿದವರಿಗೆ ತನ್ನ ಬುತ್ತಿಯನ್ನು ಹಂಚುತ್ತಾಳೆ. ಗಾಡಿಯನ್ನು ತಡೆದ ಶತ್ರು ಅಧಿಕಾರಿ ಅವಳು ತನ್ನ ಹತ್ತಿರ ಬಂದರಷ್ಟೇ ಎಲ್ಲರನ್ನೂ ಬಿಡುತ್ತೇನೆ ಎನ್ನುತ್ತಾನೆ. ಒಪ್ಪದವಳನ್ನು ಉಳಿದವರೆಲ್ಲ ಸೇರಿ ಒಪ್ಪಿಸುತ್ತಾರೆ. ಕೆಲಸವಾದ ಮೇಲೆ ಅವಳತ್ತ ತಿರುಗಿಯೂ ನೋಡುವುದಿಲ್ಲ. ಹೊಸ ಹೆಸರಿನ ಒಂದೊಂದು ಪದವೂ ಕಥೆಯೊಳಗೆ ಇದೆ. ಹೆಸರು ಒರಟಾಗಿದೆ ನಿಜ, ಕಥೆಯ ಅರ್ಧ ಗುಟ್ಟನ್ನೂ ಬಿಟ್ಟುಕೊಡುತ್ತದೆ. ಆದರೂ ಕೊಟ್ಟ ಮಾತಿಗೆ ತಪ್ಪುವುದಿಲ್ಲ.

ಮೂರನೆಯದರಲ್ಲಿ ತೊಡಕಿದೆ. ಫ್ರೆಂಚ್ ಲೇಖಕ ಗೋತಿಯೇ ಬರೆದ 'ಚಿನ್ನದ ಉಣ್ಣೆ' ಎಂಬ ನೀಳ್ಗತೆ. 1925ರಲ್ಲಿ ಹೋದದ್ದು 6,000 ಪ್ರತಿ. ಮರುವರ್ಷ ಅದೇ ಪುಸ್ತಕ 'ಹೊಂಗೂದಲ ಪ್ರೇಯಸಿಯ ಹುಡುಕಾಟ' ಎಂಬರ್ಥದ ಹೆಸರು ಹೊತ್ತು ಬಂತು. 50,000 ಪ್ರತಿ ಖರ್ಚಾಯಿತು. ಈ ಹೆಸರೂ ಅಕ್ಷರಶಃ ನಿಜವೇ. ರೂಬೆನ್ಸ್‌ನ ಚಿತ್ರಗಳಲ್ಲಿರುವ ಹೊಂಗೂದಲ ಹೆಂಗಸರಿಗೆ ಮರುಳಾದ ಯುವಕನೊಬ್ಬ ಅಂಥವಳನ್ನೇ ಹುಡುಕಿಕೊಂಡು ಬೆಲ್ಜಿಯಂಗೆ ಹೋಗುತ್ತಾನೆ. ಹೋದವನು ಆಂಟ್ವರ್ಪ್‌ನ ಚರ್ಚಿನಲ್ಲಿರುವ ಒಂದು ವರ್ಣಚಿತ್ರದ ಹೆಣ್ಣನ್ನು ಪ್ರೀತಿಸತೊಡಗುತ್ತಾನೆ. ಕಲೆಯ ಗುಂಗು ಹಿಡಿದವನಿಗೆ ಎದುರಿಗಿರುವ ಜೀವಂತ ಹುಡುಗಿ ಕಾಣದೇ ಹೋಗುವ ಕಥೆ ಅದು. ಆದರೆ ಐದು ಸೆಂಟು ಕೊಟ್ಟು ತರಿಸಿದ 50,000 ಜನ ಯಾವ ಕಥೆಯನ್ನು ನಿರೀಕ್ಷಿಸಿದ್ದರು? ಪಟ್ಟಿಯಲ್ಲಿ ಆ ಹೆಸರನ್ನು ಕಂಡವರ ಮನಸ್ಸಿನಲ್ಲಿ ಮೂಡಿದ ಚಿತ್ರ ಖಂಡಿತ ಚರ್ಚಿನದಾಗಿರಲಿಲ್ಲ. ಪದಗಳು ನಿಜ, ಅವು ಹುಟ್ಟಿಸಿದ ನಿರೀಕ್ಷೆ ಸುಳ್ಳು.

ನಾಲ್ಕನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಜರ್ಮನ್ ತತ್ವಜ್ಞಾನಿ ಶೋಪನ್‌ಹೌವರ್‌ನ 'ವಾದದ ಕಲೆ' ಎಂಬ ಪುಸ್ತಕವನ್ನು ಕೇಳುವವರೇ ಇರಲಿಲ್ಲ. 'ತರ್ಕಬದ್ಧವಾಗಿ ವಾದಿಸುವುದು ಹೇಗೆ' ಎಂದು ಹೆಸರಿಟ್ಟ ಮೇಲೆ 30,000 ಪ್ರತಿ ಹೋಯಿತು. ಎಷ್ಟು ಸಭ್ಯವಾದ ಹೆಸರು ನೋಡಿ. ಹೆಣ್ಣಿಲ್ಲ, ಕೊಲೆಯಿಲ್ಲ, ಆಶ್ಚರ್ಯಸೂಚಕ ಚಿಹ್ನೆಯಿಲ್ಲ. ಆದರೆ ಶೋಪನ್‌ಹೌವರ್ ಬರೆದದ್ದು ತರ್ಕದ ಪಾಠವನ್ನಲ್ಲ. ನಮ್ಮ ಕಡೆ ಸತ್ಯ ಇರಲಿ ಬಿಡಲಿ, ವಾದ ಗೆಲ್ಲುವುದಕ್ಕೆ ಜನ ಹೂಡುವ 38 ಉಪಾಯಗಳನ್ನು ಅವನು ಕಹಿ ನಗುವಿನೊಂದಿಗೆ ಪಟ್ಟಿ ಮಾಡಿದ್ದಾನೆ. ಎದುರಾಳಿಗೆ ಸಿಟ್ಟು ಬರಿಸು, ಸೋಲುವಂತಿದ್ದರೆ ವಿಷಯ ಬದಲಿಸು, ಏನೂ ನಡೆಯದಿದ್ದರೆ ವೈಯಕ್ತಿಕವಾಗಿ ಬೈಯಲು ಶುರುಮಾಡು, ಹೀಗೆ. ತರ್ಕ ಕಲಿಯಬೇಕೆಂದು ತರಿಸಿದವನ ಕೈಗೆ ತರ್ಕವನ್ನು ತಪ್ಪಿಸಿಕೊಳ್ಳುವ ಕೈಪಿಡಿ ಬಂತು. ನಾಲ್ಕರಲ್ಲಿ ಅತ್ಯಂತ ಮರ್ಯಾದೆಯ ಹೆಸರೇ ಅತಿ ದೊಡ್ಡ ಸುಳ್ಳು.

ನಾವು ಸಾಮಾನ್ಯವಾಗಿ ಆಮಿಷವನ್ನು ದನಿಯಿಂದ ಗುರುತಿಸುತ್ತೇವೆ. 'ಬೆಚ್ಚಿಬೀಳುತ್ತೀರಿ', 'ಶಾಕಿಂಗ್', 'ಅಸಲಿಗೆ ಆಗಿದ್ದೇನು', ಮೂರು ಆಶ್ಚರ್ಯಸೂಚಕ ಚಿಹ್ನೆ. ಇವನ್ನು ಕಂಡರೆ ಆಮಿಷ, ಇಲ್ಲದಿದ್ದರೆ ಸಭ್ಯ ಎಂದುಕೊಳ್ಳುತ್ತೇವೆ. ಹಾಲ್ಡೆಮನ್-ಜೂಲಿಯಸ್‌ನ ಲೆಕ್ಕ ಹಾಗೆ ಹೇಳುವುದಿಲ್ಲ. ಅಬ್ಬರದ ಹೆಸರು ಮಾತು ಉಳಿಸಿಕೊಳ್ಳಬಹುದು, ತಣ್ಣಗಿನ ಹೆಸರು ಮೋಸ ಮಾಡಬಹುದು. ಓದುಗನ ಮನಸ್ಸಿನಲ್ಲಿ ಶೀರ್ಷಿಕೆ ಎಬ್ಬಿಸಿದ ನಿರೀಕ್ಷೆಗೂ ಒಳಗೆ ಅವನಿಗೆ ಸಿಕ್ಕಿದ್ದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದಷ್ಟೇ ಅಳತೆ. ಆ ದೂರವನ್ನು ಮಾರಾಟದ ಅಂಕಿ ತೋರಿಸುವುದಿಲ್ಲ. ಮುಖವಾಡದ ಪುಸ್ತಕ, ಪ್ರೇಯಸಿಯ ಪುಸ್ತಕ ಎರಡರ ಮಾರಾಟವೂ ಏರಿತು. ಒಂದು ಡಾಲರಿಗೆ ಇಪ್ಪತ್ತು ಪುಸ್ತಕ ತರಿಸಿದವನಿಗೆ ಅದರಲ್ಲೊಂದು ಹುಸಿಯಾದರೆ ದೊಡ್ಡ ನಷ್ಟವೂ ಅಲ್ಲ, ದೂರು ಬರೆಯುವ ಉಸಾಬರಿಗೆ ಹೋಗುವವರೂ ಕಡಿಮೆ. ಇವತ್ತಿನ ಕ್ಲಿಕ್ ಲೆಕ್ಕಕ್ಕೂ ಇದೇ ಕುರುಡು ಇದೆ. ಬಾಗಿಲೊಳಗೆ ಎಷ್ಟು ಜನ ಬಂದರೆಂದು ಅದು ಹೇಳುತ್ತದೆ, ಬಂದವರು ಏನೆಂದುಕೊಂಡು ಹೊರಹೋದರೆಂದು ಹೇಳುವುದಿಲ್ಲ.

ಹಾಗಾದರೆ ಓದುಗ ಬಾಗಿಲಿನ ತನಕ ಬರುವುದಾದರೂ ಯಾಕೆ? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಕುತೂಹಲದ ಬಗ್ಗೆ ಬರೆದ ಪ್ರಬಂಧ ಇದಕ್ಕೊಂದು ವಿವರಣೆ ಕೊಡುತ್ತದೆ. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಿರುವುದಕ್ಕೂ ನಡುವೆ ಒಂದು ಸಂದು ಇದೆಯೆಂದು ಅರಿವಾದಾಗ ಕುತೂಹಲ ಹುಟ್ಟುತ್ತದೆ ಎಂಬುದು ಅವರ ವಾದ. ಇದರಲ್ಲಿ ಜನ ಮರೆಯುವ ಒಂದು ಭಾಗವಿದೆ. ಸಂದು ಕಾಣಬೇಕಾದರೆ ಮೊದಲು ಸ್ವಲ್ಪವಾದರೂ ಗೊತ್ತಿರಬೇಕು. ಏನೂ ಗೊತ್ತಿಲ್ಲದ ವಿಷಯದಲ್ಲಿ ಕುತೂಹಲವೂ ಇರುವುದಿಲ್ಲ. ಮುಖವಾಡದ ಹೆಸರಿಗೆ ಮನುಷ್ಯ ಸೇರಿದಾಗ ಆದದ್ದು ಇದೇ. ಓದುಗನಿಗೆ ಒಂದು ವಿವರ ಹೆಚ್ಚಾಗಿ ಸಿಕ್ಕಿತು, ಹಾಗಾಗಿ ಮುಂದಿನದನ್ನು ತಿಳಿಯುವ ಆಸೆಯೂ ಹೆಚ್ಚಿತು. ಒಳ್ಳೆಯ ಶೀರ್ಷಿಕೆ ಕೊಟ್ಟು ಎಳೆಯುತ್ತದೆ.

ಮುಚ್ಚಿಟ್ಟು ಎಳೆಯುವುದು ಇನ್ನೊಂದು ದಾರಿ. ಆ ದಾರಿಯನ್ನು ಉದ್ಯಮದ ಮಟ್ಟಕ್ಕೆ ಒಯ್ದದ್ದು 2012ರಲ್ಲಿ ಅಮೆರಿಕದಲ್ಲಿ ಶುರುವಾದ ಅಪ್‌ವರ್ದಿ ಎಂಬ ಜಾಲತಾಣ. ಅಲ್ಲಿನ ಸಂಪಾದಕರು ಒಂದೊಂದು ಬರಹಕ್ಕೆ 25 ಶೀರ್ಷಿಕೆ ಬರೆಯಬೇಕೆಂಬ ನಿಯಮವಿತ್ತು. ಅವುಗಳಲ್ಲಿ ಕೆಲವನ್ನು ಆರಿಸಿ, ಬೇರೆ ಬೇರೆ ಓದುಗರಿಗೆ ಬೇರೆ ಬೇರೆ ಶೀರ್ಷಿಕೆ ತೋರಿಸಿ, ಯಾವುದಕ್ಕೆ ಹೆಚ್ಚು ಕ್ಲಿಕ್ ಬೀಳುತ್ತದೋ ಅದನ್ನು ಉಳಿಸಿಕೊಳ್ಳುತ್ತಿದ್ದರು. 'ಮುಂದೆ ಏನಾಯಿತು ಎಂದು ನೀವು ಊಹಿಸಲಾರಿರಿ' ಎಂಬ ಜಾತಿಯ ಶೀರ್ಷಿಕೆಗಳು ಜಗತ್ತಿಗೆಲ್ಲ ಹಬ್ಬಿದ್ದರಲ್ಲಿ ಅದರ ಪಾಲು ದೊಡ್ಡದು. ಕೊನೆಗೆ ಓದುಗರೂ ಬೇಸತ್ತರು, ಫೇಸ್‌ಬುಕ್ಕೂ ಬೇಸತ್ತಿತು. 2016ರಲ್ಲಿ ಫೇಸ್‌ಬುಕ್ ಆಮಿಷದ ಶೀರ್ಷಿಕೆಗಳನ್ನು ಹಿಂದಕ್ಕೆ ತಳ್ಳಲು ಎರಡೇ ಪ್ರಶ್ನೆ ಇಟ್ಟುಕೊಂಡಿತು. ವಿಷಯ ಏನೆಂದು ತಿಳಿಯಲು ಬೇಕಾದ ಮಾಹಿತಿಯನ್ನು ಶೀರ್ಷಿಕೆ ಮುಚ್ಚಿಡುತ್ತಿದೆಯೇ? ಇದ್ದುದಕ್ಕಿಂತ ಹಿಗ್ಗಿಸಿ ಹೇಳಿ ಓದುಗನ ದಾರಿ ತಪ್ಪಿಸುತ್ತಿದೆಯೇ? ಮುಚ್ಚಿಡುವುದು ಮತ್ತು ಹಿಗ್ಗಿಸುವುದು ಎರಡು ಬೇರೆ ರೋಗಗಳು. ಒಂದಕ್ಕೆ ಮದ್ದು ಮಾಡಲು ಹೋಗಿ ಇನ್ನೊಂದನ್ನು ತಂದುಕೊಳ್ಳುವುದು ಪತ್ರಿಕಾ ಕಚೇರಿಗಳಲ್ಲಿ ದಿನವೂ ನಡೆಯುವಂಥದ್ದು.

ಅಪ್‌ವರ್ದಿಯ ಪರೀಕ್ಷೆಗಳ ದತ್ತಾಂಶ ಆಮೇಲೆ ಸಂಶೋಧಕರ ಕೈಸೇರಿತು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಂದು ಲಕ್ಷಕ್ಕೂ ಹೆಚ್ಚು ಶೀರ್ಷಿಕೆಗಳನ್ನು ನೋಡಿತು. ಓದುಗರ ಕಣ್ಣಿಗೆ ಅವು ಬಿದ್ದದ್ದು ಸುಮಾರು 37 ಕೋಟಿ ಸಲ, ಕ್ಲಿಕ್ ಬಿದ್ದದ್ದು ಸುಮಾರು 57 ಲಕ್ಷ. ಸುದ್ದಿಯಲ್ಲಿ ಬಂದದ್ದು ಅದರ ತೀರ್ಮಾನ: ಕೆಡುಕಿನ ಪದ ಇದ್ದರೆ ಕ್ಲಿಕ್ ಸ್ವಲ್ಪ ಹೆಚ್ಚು. ನನ್ನ ಕಣ್ಣಿಗೆ ಬಿದ್ದದ್ದು ಆ ಎರಡು ಅಂಕಿಗಳ ನಡುವಿನ ಅಂತರ. ಶೀರ್ಷಿಕೆಗಾಗಿ ಇಷ್ಟೆಲ್ಲ ಹೆಣಗುತ್ತಿದ್ದ ತಾಣದಲ್ಲೇ ನೂರು ಸಲ ಕಂಡ ಶೀರ್ಷಿಕೆ ಸುಮಾರು 98 ಸಲ ಒತ್ತದೆಯೇ ದಾಟಿಹೋಗಿದೆ. ಹಾಗೆ ದಾಟಿಹೋದವರಿಗೆ ಶೀರ್ಷಿಕೆಯೇ ಇಡೀ ಲೇಖನ. ಮುಚ್ಚಿಟ್ಟ ಶೀರ್ಷಿಕೆ ಅವರಿಗೆ ಏನನ್ನೂ ಕೊಡುವುದಿಲ್ಲ. ಹಿಗ್ಗಿಸಿದ ಶೀರ್ಷಿಕೆ ಅವರ ತಲೆಯಲ್ಲಿ ಒಂದು ಸುಳ್ಳನ್ನು ಇಟ್ಟು ಹೋಗುತ್ತದೆ, ತಿದ್ದುವ ಪ್ಯಾರಾವನ್ನು ಅವರು ಓದುವುದೇ ಇಲ್ಲ. ಎರಡರಲ್ಲಿ ಹಿಗ್ಗಿಸುವುದನ್ನೇ ನಾನು ಹೆಚ್ಚು ಕೆಟ್ಟದ್ದು ಎನ್ನುತ್ತೇನೆ.

ಇದನ್ನು ನಮ್ಮ ಕಡೆಯ ಒಂದು ವರದಿಯ ಮೇಲೆ ಇಟ್ಟು ನೋಡೋಣ. ವರದಿ ಕಲ್ಪಿತ, ಆದರೆ ಬಯಲುಸೀಮೆಯ ಯಾವ ತಾಲ್ಲೂಕಿನಿಂದ ಬೇಕಾದರೂ ಬರಬಹುದಾದದ್ದು. ಒಂದು ತಾಲ್ಲೂಕಿನಲ್ಲಿ ಕುಡಿಯಲು ಬಳಸುವ 48 ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದ್ದಾರೆ. 11 ಬಾವಿಗಳಲ್ಲಿ, ಅಂದರೆ 11 ಹಳ್ಳಿಗಳಲ್ಲಿ, ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದೆ. ಭಾರತೀಯ ಮಾನಕದ ಪ್ರಕಾರ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ನಡೆಯುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಮಟ್ಟ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲು ಬಿಗಿಯುತ್ತವೆ. 4 ಹಳ್ಳಿಗಳಿಗೆ ಎರಡು ತಿಂಗಳಲ್ಲಿ ಶುದ್ಧ ನೀರಿನ ಘಟಕ ಹಾಕುತ್ತೇವೆ, ಉಳಿದ 7ರ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ ಎಂದು ತಾಲ್ಲೂಕು ಪಂಚಾಯಿತಿಯ ಅಧಿಕಾರಿ ಹೇಳಿದ್ದಾರೆ. ಸುದ್ದಿ ಇಷ್ಟು.

ವರದಿಗಾರ ಕಳಿಸಿದ ಶೀರ್ಷಿಕೆ: 'ಕುಡಿಯುವ ನೀರಿನ ಗುಣಮಟ್ಟ ಪರೀಕ್ಷಾ ವರದಿ ಬಿಡುಗಡೆ'. ಸುಳ್ಳಿಲ್ಲ, ಸುದ್ದಿಯೂ ಇಲ್ಲ. ವರದಿ ಬಿಡುಗಡೆಯಾದದ್ದು ಕಚೇರಿಗೆ ಸುದ್ದಿ, ನೀರು ಕುಡಿಯುವವನಿಗಲ್ಲ. 11 ಹಳ್ಳಿಗಳ ಜನವೇ ಇದನ್ನು ದಾಟಿಕೊಂಡು ಮುಂದೆ ಹೋಗುತ್ತಾರೆ. ಆಮಿಷವನ್ನು ಬೈಯುವವರು ಇಂಥ ಸಪ್ಪೆ ಶೀರ್ಷಿಕೆಯನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ. ಇದೂ ಮುಚ್ಚಿಡುವುದೇ, ಉದ್ದೇಶ ಇಲ್ಲದಿರಬಹುದು, ಅಷ್ಟೆ.

ಫೋನಿಗಾಗಿ ಇನ್ನೊಬ್ಬರು ಬರೆಯುತ್ತಾರೆ: 'ನೀವು ಕುಡಿಯುವ ನೀರಿನಲ್ಲಿ ಏನಿದೆ ಗೊತ್ತಾ? ತಿಳಿದರೆ ಬೆಚ್ಚಿಬೀಳುತ್ತೀರಿ!' ಇದು ಬೇಕೆಂದೇ ಮುಚ್ಚಿಟ್ಟದ್ದು. 'ನೀವು' ಯಾರು ಎಂಬುದೇ ಇಲ್ಲ. ಬೆಂಗಳೂರಿನಲ್ಲಿ ಕೂತವನೂ ಒತ್ತುತ್ತಾನೆ, ತನಗೆ ಸಂಬಂಧವಿಲ್ಲವೆಂದು ಗೊತ್ತಾಗಿ ಬೈದುಕೊಂಡು ಹೊರಬರುತ್ತಾನೆ. ಕ್ಲಿಕ್ ಲೆಕ್ಕದಲ್ಲಿ ಅವನೂ ಒಬ್ಬ ಓದುಗ.

ಮೂರನೆಯವರು ಇದನ್ನು ಸರಿಮಾಡಲು ಹೊರಟು, 'ತಾಲ್ಲೂಕಿನ ಕುಡಿಯುವ ನೀರು ವಿಷ' ಎಂದು ಬರೆಯುತ್ತಾರೆ. ಈಗ ವಿಷಯ ಬಯಲಾಯಿತು, ಆದರೆ ಹಿಗ್ಗಿತು. 37 ಬಾವಿಗಳ ನೀರು ಮಿತಿಯೊಳಗೇ ಇದೆ. 'ವಿಷ' ಎಂದರೆ ಇವತ್ತು ಕುಡಿದು ನಾಳೆ ಆಸ್ಪತ್ರೆ ಸೇರುವುದು ಎಂದು ಓದುಗ ತಿಳಿಯುತ್ತಾನೆ. ಫ್ಲೋರೈಡ್ ಕೆಲಸ ಮಾಡುವುದು ಹಾಗಲ್ಲ, ಅದಕ್ಕೆ ವರ್ಷಗಳು ಬೇಕು.

ಅಂಕಿ ಹಾಕಿದರೆ ನಿಖರವಾಗುತ್ತದೆಂದು ನಾಲ್ಕನೆಯವರು 'ತಾಲ್ಲೂಕಿನ ಕಾಲು ಭಾಗ ನೀರು ಕುಡಿಯಲು ಅಯೋಗ್ಯ' ಎನ್ನುತ್ತಾರೆ. 48ರಲ್ಲಿ 11 ಎಂದರೆ ಹತ್ತಿರ ಹತ್ತಿರ ಕಾಲು ಭಾಗ, ಗಣಿತ ಸರಿಯಾಗಿದೆ. ಆದರೆ ಕಾಲು ಭಾಗವಾದದ್ದು ಪರೀಕ್ಷಿಸಿದ ಬಾವಿಗಳದ್ದು, ತಾಲ್ಲೂಕಿನ ನೀರಿನದ್ದಲ್ಲ. ಪರೀಕ್ಷೆಗೆ ಸೇರದ ಬಾವಿಗಳಿರಬಹುದು. ಒಂದು ಬಾವಿ ಸಾವಿರ ಮನೆಗೆ ನೀರು ಕೊಡುತ್ತಿದ್ದರೆ ಇನ್ನೊಂದು ಇಪ್ಪತ್ತು ಮನೆಗೆ ಕೊಡುತ್ತಿರಬಹುದು. ಅಂಕಿ ಇದ್ದ ಮಾತ್ರಕ್ಕೆ ಶೀರ್ಷಿಕೆ ನಿಖರವಾಗುವುದಿಲ್ಲ. ಆ ಅಂಕಿ ಯಾವುದರ ಎಣಿಕೆ ಎಂಬುದೂ ಪಕ್ಕದಲ್ಲಿರಬೇಕು. ಯಾರೂ ಎಣಿಸದೇ ಇರುವ 'ಶೇ. 90 ಜನಕ್ಕೆ ಈ ವಿಷಯ ಗೊತ್ತಿಲ್ಲ' ಎಂಬ ಶೀರ್ಷಿಕೆಗಳ ಬಗ್ಗೆ ಹೇಳುವುದೇ ಬೇಡ.

ಅಂಕಿಯ ಜೊತೆಗೆ ಅದರ ಎಣಿಕೆಯನ್ನೂ ಹೇಳಿದರೆ ಹೀಗಾಗುತ್ತದೆ: '48 ಕೊಳವೆಬಾವಿ ಪೈಕಿ 11ರಲ್ಲಿ ಮಿತಿಮೀರಿದ ಫ್ಲೋರೈಡ್'. ನಿಜ, ನಿಖರ, ಅಳತೆ ಮೀರಿಲ್ಲ. ಹೆಚ್ಚಿನ ದಿನಗಳಲ್ಲಿ ಇಷ್ಟು ಸಾಕು. ಆದರೆ ಆ ಹಳ್ಳಿಯ ಹೆಣ್ಣುಮಗಳೊಬ್ಬಳು ಇದನ್ನು ಓದಿದ ಕೂಡಲೇ ಏನು ಮಾಡುತ್ತಾಳೆ? ನೀರು ಕೆಟ್ಟಿದೆಯೆಂದರೆ ನಮ್ಮಲ್ಲಿ ಎಲ್ಲರೂ ಮಾಡುವುದು ಒಂದೇ, ಒಲೆಯ ಮೇಲಿಟ್ಟು ಕುದಿಸುವುದು. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಅಷ್ಟೇ ಉಳಿಯುವುದರಿಂದ ಅದರ ಸಾಂದ್ರತೆ ತುಸು ಹೆಚ್ಚೇ ಆಗುತ್ತದೆ. ಈ ಸುದ್ದಿಯಲ್ಲಿ ಓದುಗನಿಗೆ ಗೊತ್ತಿಲ್ಲದ, ಗೊತ್ತಾದರೆ ಇವತ್ತೇ ಉಪಯೋಗಕ್ಕೆ ಬರುವ ಸಂಗತಿ ಇದು. ಆದ್ದರಿಂದ ಶೀರ್ಷಿಕೆ ಹೀಗಾಗಬಹುದು:

'11 ಹಳ್ಳಿಯ ನೀರಲ್ಲಿ ಮಿತಿಮೀರಿದ ಫ್ಲೋರೈಡ್, ಕುದಿಸಿದರೂ ಹೋಗದು'

ಕೆಳಗೆ ಉಪಶೀರ್ಷಿಕೆ: '48 ಕೊಳವೆಬಾವಿಗಳ ಪರೀಕ್ಷೆ, 4 ಹಳ್ಳಿಗೆ ಎರಡು ತಿಂಗಳಲ್ಲಿ ಶುದ್ಧ ನೀರಿನ ಘಟಕ, 7ಕ್ಕೆ ಇನ್ನೂ ತೀರ್ಮಾನವಿಲ್ಲ'.

ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ, ಆದರೂ ಕುತೂಹಲ ಉಳಿದಿದೆ. ನಮ್ಮ ಹಳ್ಳಿ ಆ ಹನ್ನೊಂದರಲ್ಲಿ ಇದೆಯೇ? ಕುದಿಸಿದರೆ ಹೋಗದು ಎಂದರೆ ಮತ್ತೇನು ಮಾಡಬೇಕು? 7 ಹಳ್ಳಿಗಳನ್ನು ಯಾಕೆ ಬಿಟ್ಟರು? ಶೀರ್ಷಿಕೆ ಓದಿ ದಾಟಿಹೋದವನಿಗೂ ಕುದಿಸಿ ಪ್ರಯೋಜನವಿಲ್ಲ ಎಂಬಷ್ಟು ತಿಳಿಯಿತು. ಒಳಗೆ ಬರುವವನಿಗೆ ಬರಲು ಕಾರಣವಿದೆ.

ಈಗ ಕೆಲಸ ಶೀರ್ಷಿಕೆಯಿಂದ ವರದಿಗೆ ಹೊರಳುತ್ತದೆ. ವರದಿಗಾರ ಕಳಿಸಿದ ಪ್ರತಿಯಲ್ಲಿ ಕುದಿಸುವ ಮಾತೇ ಇಲ್ಲ, 11 ಹಳ್ಳಿಗಳ ಹೆಸರೂ ಇಲ್ಲ. ಹಾಗೇ ಅಚ್ಚಿಗೆ ಹೋದರೆ ನಮ್ಮ ಶೀರ್ಷಿಕೆಯೂ 'ತರ್ಕಬದ್ಧವಾಗಿ ವಾದಿಸುವುದು ಹೇಗೆ' ಎಂಬ ಪುಸ್ತಕದ ಜಾತಿಗೆ ಸೇರುತ್ತದೆ. ವರದಿಗಾರನಿಗೆ ಫೋನ್ ಮಾಡಿ ಹಳ್ಳಿಗಳ ಪಟ್ಟಿ ತರಿಸಬೇಕು. ಪ್ರಯೋಗಾಲಯದವರನ್ನೋ ತಾಲ್ಲೂಕು ವೈದ್ಯಾಧಿಕಾರಿಯನ್ನೋ ಕೇಳಿ, ಕುದಿಸುವುದರಿಂದ ಪ್ರಯೋಜನವಿಲ್ಲ, ಆರ್‌ಒ ಘಟಕದ ನೀರು ಆಗುತ್ತದೆ, ಸ್ನಾನ ಮಾಡಲು ಬಟ್ಟೆ ಒಗೆಯಲು ಅದೇ ಬಾವಿಯ ನೀರು ನಡೆಯುತ್ತದೆ ಎಂಬುದನ್ನು ಅವರ ಮಾತಿನಲ್ಲೇ ಸೇರಿಸಬೇಕು. ಹಾಗೆ ಸೇರಿಸುವ ತನಕ 'ಕುದಿಸಿದರೂ ಹೋಗದು' ಎಂಬುದನ್ನು ಶೀರ್ಷಿಕೆಯಲ್ಲಿ ಇಡಕೂಡದು, ಅದು ಎಷ್ಟೇ ನಿಜವಿರಲಿ. ಡೆಡ್‌ಲೈನ್ ಮೀರಿ ಯಾರೂ ಸಿಗಲಿಲ್ಲವೆಂದರೆ ಹಿಂದಿನ ಶೀರ್ಷಿಕೆಗೇ ಮರಳುವುದು ಒಳ್ಳೆಯದು. ಒಳ್ಳೆಯ ಉಪಸಂಪಾದಕರು ಶೀರ್ಷಿಕೆಯನ್ನು ಕೊನೆಗೆ ಅಂಟಿಸುವುದಿಲ್ಲ ಎನ್ನುವುದು ಇದಕ್ಕೇ. ಏನು ಮಾತು ಕೊಡಬಹುದೆಂದು ಮೊದಲೇ ಯೋಚಿಸಿದರೆ ವರದಿಯಲ್ಲಿ ಏನು ಕಡಿಮೆ ಬಿದ್ದಿದೆ ಎಂಬುದು ಆಗಲೇ ಕಾಣುತ್ತದೆ.

ಪರೀಕ್ಷಿಸುವ ಕ್ರಮ ಸುಲಭ. ವರದಿ ಓದದೇ ಇರುವ ಒಬ್ಬರಿಗೆ ಶೀರ್ಷಿಕೆಯನ್ನಷ್ಟೇ ತೋರಿಸಿ, ಒಳಗೆ ಏನಿರುತ್ತದೆ ಹೇಳಿ ಎಂದು ಕೇಳುವುದು. ಅವರು ಹೇಳಿದ್ದನ್ನು ಬರೆದುಕೊಂಡು, ಅದನ್ನು ಪೂರೈಸುವ ವಾಕ್ಯ ವರದಿಯಲ್ಲಿ ಎಲ್ಲಿದೆಯೆಂದು ಹುಡುಕಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು. ಗೆರೆ ಎಳೆಯಲು ವಾಕ್ಯವೇ ಸಿಗದಿದ್ದರೆ ಅದು ಆಮಿಷ. ಸಿಕ್ಕಿದ್ದು ಕೊನೆಯ ಪ್ಯಾರಾದಲ್ಲಾದರೆ ವರದಿಯನ್ನು ತಿರುಗಿಸಿ ಕಟ್ಟಬೇಕು. ಬರೆದವರು ತಮಗೆ ತಾವೇ ಈ ಪರೀಕ್ಷೆ ಮಾಡಿಕೊಂಡರೆ ಫಲವಿಲ್ಲ. ಒಳಗಿರುವುದೆಲ್ಲ ಅವರಿಗೆ ಗೊತ್ತಿರುವುದರಿಂದ ಶೀರ್ಷಿಕೆಯಲ್ಲಿ ಇಲ್ಲದ್ದೂ ಅವರಿಗೆ ಕಾಣುತ್ತದೆ. 'ಹೊಂಗೂದಲ ಪ್ರೇಯಸಿ'ಯನ್ನು ಹೀಗೆ ಯಾರಿಗಾದರೂ ತೋರಿಸಿ ಕೇಳಿದ್ದರೆ ಉತ್ತರದಲ್ಲಿ ಚರ್ಚು, ವರ್ಣಚಿತ್ರ ಬರುತ್ತಿರಲಿಲ್ಲ.

ಪ್ರಶ್ನಾರ್ಥಕ ಚಿಹ್ನೆಯ ಬಗ್ಗೆ ಒಂದು ಮಾತು ಹೇಳಬೇಕು. 'ಸಚಿವರ ರಾಜೀನಾಮೆ?' ಎಂದು ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಆ ಚಿಹ್ನೆಯ ಅರ್ಥ 'ನಮಗೆ ಖಚಿತವಿಲ್ಲ' ಎಂದು. ಓದುಗನಿಗೆ ಕೇಳಿಸುವುದು 'ರಾಜೀನಾಮೆಯಂತೆ' ಎಂದು. ಬರಹ ಆ ಪ್ರಶ್ನೆಯನ್ನು ನಿಜಕ್ಕೂ ಎತ್ತಿಕೊಂಡು ಉತ್ತರಿಸುವುದಾದರೆ ಮಾತ್ರ ಚಿಹ್ನೆಗೆ ಹಕ್ಕಿದೆ. ಈ ಲೇಖನದ ಶೀರ್ಷಿಕೆಯಲ್ಲಿರುವ ಚಿಹ್ನೆಯನ್ನೂ ಅದೇ ಅಳತೆಯಿಂದ ನೋಡಬಹುದು.

ಮುಚ್ಚಿಡುವುದೆಲ್ಲ ತಪ್ಪೆಂದೂ ಅಲ್ಲ. ಸಣ್ಣಕತೆ, ಹರಟೆ, ಲಲಿತ ಪ್ರಬಂಧಗಳಿಗೆ ಈ ನಿಯಮ ಸಲ್ಲದು. ಕಥೆಯ ಹೆಸರು ಕೊನೆಯ ತಿರುವನ್ನು ಹೇಳಬೇಕಿಲ್ಲ, ಅಲ್ಲಿ ಓದುಗ ಗುಟ್ಟನ್ನೇ ಬಯಸಿ ಬಂದಿರುತ್ತಾನೆ. ನಮ್ಮ ಪತ್ರಿಕೆಗಳ ಪ್ರಾಸದ, ಪದಚಮತ್ಕಾರದ ಶೀರ್ಷಿಕೆಗಳೂ ಕ್ರೀಡಾಪುಟದಲ್ಲಿ ಚಂದವೇ. ಆರೋಗ್ಯ, ಹಣ, ಪರೀಕ್ಷೆ, ಮಳೆ ಬೆಳೆ, ಸಾವು ನೋವಿನ ಸುದ್ದಿಗೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಅಲ್ಲಿ ಜನ ಶೀರ್ಷಿಕೆ ಓದಿಯೇ ಏನಾದರೊಂದು ಮಾಡಿಬಿಡುತ್ತಾರೆ.

ನಿಖರ ಶೀರ್ಷಿಕೆಗೆ ಒಂದು ನಷ್ಟವಿದೆ, ಅದನ್ನು ಒಪ್ಪಿಕೊಳ್ಳಬೇಕು. ವಿಷಯವೆಲ್ಲ ಹೊರಗೇ ಸಿಕ್ಕಿತೆಂದು ಕೆಲವರು ಒಳಗೆ ಬರುವುದಿಲ್ಲ. ಬೆಂಗಳೂರಿನ ಓದುಗ ಫ್ಲೋರೈಡಿನ ಶೀರ್ಷಿಕೆಯನ್ನು ಓದಿ, ತನ್ನದಲ್ಲವೆಂದು ತಿಳಿದು, ಮುಂದೆ ಹೋಗುತ್ತಾನೆ. 'ಬೆಚ್ಚಿಬೀಳುತ್ತೀರಿ' ಎಂದಿದ್ದರೆ ಅವನೂ ಬರುತ್ತಿದ್ದ. ಆ ದಿನದ ಲೆಕ್ಕದಲ್ಲಿ ಆಮಿಷವೇ ಗೆದ್ದಂತೆ ಕಾಣುತ್ತದೆ, ಸಂಜೆಯ ಮೀಟಿಂಗಿನಲ್ಲಿ ಉಪಸಂಪಾದಕನ ಬಾಯಿ ಕಟ್ಟುತ್ತದೆ. ಅಪ್‌ವರ್ದಿಯೇ 2014ರಲ್ಲಿ ಬರೀ ಕ್ಲಿಕ್ ಎಣಿಸುವುದು ಸಾಲದೆಂದು ಓದುಗರು ಬರಹದ ಮೇಲೆ ಗಮನವಿಟ್ಟ ನಿಮಿಷಗಳನ್ನು ಎಣಿಸಲು ಹೊರಟಿತು. ಒಳಗೆ ಬಂದ ನೂರರಲ್ಲಿ ಎಷ್ಟು ಜನ ಮೂರನೇ ಪ್ಯಾರಾ ದಾಟಿದರು, ಎಷ್ಟು ಜನ ಮರುದಿನ ಮತ್ತೆ ಬಂದರು ಎಂಬ ಲೆಕ್ಕವನ್ನೂ ಆ ಮೀಟಿಂಗಿನ ಮೇಜಿನ ಮೇಲೆ ಇಡದಿದ್ದರೆ ಉಪಸಂಪಾದಕನನ್ನು ದೂರಿ ಪ್ರಯೋಜನವಿಲ್ಲ.

ಓದುಗರ ಕೈಯಲ್ಲೂ ಒಂದು ದಾರಿ ಇದೆ, ಅದು ಹೆಚ್ಚು ಜನರಿಗೆ ತಿಳಿದಿಲ್ಲ. ಭಾರತೀಯ ಪತ್ರಿಕಾ ಮಂಡಳಿಯ ಆಚಾರಸಂಹಿತೆಯಲ್ಲಿ ಶೀರ್ಷಿಕೆಗಳ ಬಗ್ಗೆಯೇ ಒಂದು ನಿಯಮವಿದೆ. ಕೆಳಗೆ ಅಚ್ಚಾದ ವಿಷಯವನ್ನು ಶೀರ್ಷಿಕೆ ಪ್ರತಿಬಿಂಬಿಸಬೇಕು, ಸಮರ್ಥಿಸಬೇಕು. ಯಾರದೋ ಆರೋಪವಾದರೆ ಅದು ಯಾರದೆಂದು ಹೇಳಬೇಕು, ಇಲ್ಲವೇ ಉದ್ಧರಣ ಚಿಹ್ನೆಯೊಳಗಾದರೂ ಇಡಬೇಕು. ನಿಮ್ಮ ಪತ್ರಿಕೆಯ ಶೀರ್ಷಿಕೆ ಹೀಗಿಲ್ಲವೆಂದು ಕಂಡರೆ ಮೊದಲು ಸಂಪಾದಕರಿಗೆ ಬರೆಯಿರಿ. ಶೀರ್ಷಿಕೆ ಓದಿ ನೀವು ಏನು ತಿಳಿದಿರಿ, ಒಳಗೆ ಏನಿತ್ತು, ಎರಡನ್ನೂ ಎರಡು ಸಾಲಿನಲ್ಲಿ ಹೇಳಿ. ಉತ್ತರ ತೃಪ್ತಿ ಕೊಡದಿದ್ದರೆ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಗಳಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಾದರೆ ನಾಲ್ಕು ತಿಂಗಳೊಳಗೆ. ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಟಿವಿ ಚಾನೆಲ್ಲುಗಳು, ಯೂಟ್ಯೂಬಿನ ಥಂಬ್‌ನೇಲುಗಳು ಅದರ ವ್ಯಾಪ್ತಿಗೆ ಬರುವುದೂ ಇಲ್ಲ.